ಮೂಗಿಗೂ ಬೇಕು ಕೆಲಸ
ಬೇಟೆಯಲ್ಲಿ ಉರುಳಿದ ಹಕ್ಕಿಯನ್ನು ಹುಡುಕಿ ತರಲೆಂದು ಬೆಳೆಸಿದ ತಳಿ ಲ್ಯಾಬ್ರಡಾರ್. ಫ್ಲ್ಯಾಟಿನಲ್ಲಿ ಹುಡುಕಲು ಏನೂ ಸಿಗದಿದ್ದರೆ ಅದರ ಗಮನ ಚಪ್ಪಲಿ, ಸೋಫಾಗಳತ್ತ ಹೊರಳುತ್ತದೆ. ಬರೀ ಓಡಿಸಿದರೆ ಸಾಲದು. ದಿನದ ಊಟದಲ್ಲೇ ಒಂದು ಪಾಲನ್ನು ಆಟಕ್ಕೆ ಎತ್ತಿಡಬೇಕು. ಮೇಲಿಂದ ತಿಂಡಿ ಸೇರಿಸಿದರೆ ಈ ತಳಿಗೆ ಬೇಗ ಬೊಜ್ಜು ಬರುತ್ತದೆ.

ಅಂಗಡಿಯ ಪಜಲ್ ಫೀಡರೇ ಬೇಕೆಂದಿಲ್ಲ. ನಾಯಿಯ ಕಣ್ಣೆದುರೇ ಹಳೇ ಟವೆಲ್ ಮೇಲೆ ಒಣ ಆಹಾರದ ಕಾಳು ಹರಡಿ ಸಡಿಲವಾಗಿ ಸುತ್ತಿದರೆ ಅದೇ ಮೊದಲ ಒಗಟು. ಬಿಡಿಸಲು ಕಲಿತ ಮೇಲೆ ಮೂರು ರಟ್ಟಿನ ಡಬ್ಬಿಗಳಲ್ಲಿ ಒಂದಕ್ಕೆ ಮಾತ್ರ ಆಹಾರ ಹಾಕಿ, ನಾಯಿಯನ್ನು ಹೊರಗಿಟ್ಟು ಡಬ್ಬಿಗಳ ಜಾಗ ಬದಲಿಸಬೇಕು. ಆಗ ಕಣ್ಣು ಸಾಲದು, ಮೂಗೇ ಗತಿ. ಬೆರಳು ತೋರಿಸಿ ನೆರವಾಗುವುದು ಮನೆಯವರ ಮಾಮೂಲಿ ತಪ್ಪು: ನಾಯಿ ಮೂಸುವುದು ಬಿಟ್ಟು ಕೈಯನ್ನೇ ನೋಡತೊಡಗುತ್ತದೆ. ಐದರಿಂದ ಹತ್ತು ನಿಮಿಷ ಸಾಕು.

ಬೊಗಳಾಟ, ಡಬ್ಬಿ ಹರಿದು ನುಂಗುವ ಪ್ರಯತ್ನ ಕಂಡರೆ ಒಗಟು ಕಷ್ಟವಾಗಿದೆ ಎಂದರ್ಥ. ಒಂದು ಹಂತ ಹಿಂದೆ ಸರಿಯಬೇಕು. ಎರಡು ನಾಯಿಗಳಿದ್ದರೆ ಜಗಳ ತಪ್ಪಿಸಲು ಬೇರೆ ಬೇರೆ ಕೋಣೆಯಲ್ಲಿ ಆಡಿಸುವುದು ಲೇಸು. ಸಂಜೆ ‘ಕೂರು’, ‘ಇರು’ ಎಂಬ ಆಜ್ಞೆಗಳನ್ನು ಮೂರು ನಿಮಿಷ ಅಭ್ಯಾಸ ಮಾಡಿಸಿ, ಸರಿಯಾಗಿ ಮಾಡಿದಾಗಲೇ ನಿಲ್ಲಿಸಬೇಕು. ಇದ್ಯಾವುದೂ ದಿನದ ವಾಕಿಂಗ್‌ಗೆ ಬದಲಿಯಲ್ಲ.