ನುಂಗಲಾಗದ ಹೊತ್ತಿನಲ್ಲಿ ಗ್ಲುಕಗಾನ್ ಸೂಜಿ

ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ರಾತ್ರಿ ಎರಡು ಗಂಟೆ. 14 ವರ್ಷದ ಹುಡುಗ, ತೂಕ 40 ಕಿಲೋ, ದಿನವೂ ಇನ್ಸುಲಿನ್ ತೆಗೆದುಕೊಳ್ಳುವವನು. ಸಂಜೆಯೆಲ್ಲ ಕಬಡ್ಡಿ ಆಡಿ ಬಂದು, ಸುಸ್ತಾಗಿ ಅರ್ಧ ಊಟಕ್ಕೇ ಎದ್ದು ಮಲಗಿದ್ದಾನೆ. ಈಗ ಮೈಯೆಲ್ಲ ಬೆವರು, ಕೈಕಾಲು ಸೆಟೆಯುತ್ತಿವೆ, ಎಷ್ಟು ಕೂಗಿದರೂ ಓಗೊಡುವುದಿಲ್ಲ. ಶುಗರ್ ಲೋ ಆಗಿದೆ ಎಂದು ಎಲ್ಲರಿಗೂ ಗೊತ್ತು. ಅಜ್ಜಿ ಸಕ್ಕರೆ ನೀರು ಕಲಸಿಕೊಂಡು ಓಡಿ ಬರುತ್ತಾರೆ.

ಆ ಲೋಟವನ್ನು ಅಲ್ಲೇ ತಡೆಯಬೇಕು. ಎಚ್ಚರವಿದ್ದವನಿಗೆ ಸಕ್ಕರೆ ನೀರು ಔಷಧವೇ ಹೌದು. ಆದರೆ ಪ್ರಜ್ಞೆ ತಪ್ಪಿದವನ ಗಂಟಲು ನುಂಗುವ ಕೆಲಸ ಮಾಡುವುದಿಲ್ಲ. ಸುರಿದ ನೀರು ಶ್ವಾಸನಾಳಕ್ಕೆ ಇಳಿದು ಉಸಿರು ಕಟ್ಟಬಹುದು. ಜೇನುತುಪ್ಪವೂ ಬೇಡ, ಬೆಲ್ಲದ ಚೂರೂ ಬೇಡ. ಇಂಥ ಹೊತ್ತಿಗೆಂದೇ ಇರುವ ಔಷಧ ಗ್ಲುಕಗಾನ್.

ಇನ್ಸುಲಿನ್ ರಕ್ತದ ಸಕ್ಕರೆಯನ್ನು ಇಳಿಸಿದರೆ ಗ್ಲುಕಗಾನ್ ಏರಿಸುತ್ತದೆ. ಎರಡೂ ನಮ್ಮ ಮೇದೋಜೀರಕ ಗ್ರಂಥಿಯಲ್ಲೇ ಹುಟ್ಟುವ ಹಾರ್ಮೋನುಗಳು. ಲಿವರ್ ತನ್ನೊಳಗೆ ಕೂಡಿಟ್ಟುಕೊಂಡ ಸಕ್ಕರೆಯನ್ನು ರಕ್ತಕ್ಕೆ ಬಿಡುವಂತೆ ಗ್ಲುಕಗಾನ್ ಮಾಡುತ್ತದೆ. ಹಾಗಾಗಿ ಹೊಟ್ಟೆಗೆ ಏನೂ ಹೋಗದೆಯೇ ಸಕ್ಕರೆ ಏರುತ್ತದೆ.

ನಮ್ಮಲ್ಲಿ ಸಿಗುವ ಕಿಟ್‌ನ ಡಬ್ಬಿಯಲ್ಲಿ ಎರಡು ವಸ್ತುಗಳಿರುತ್ತವೆ: 1 ಮಿಲಿಗ್ರಾಂ ಔಷಧದ ಪುಡಿ ಇರುವ ಪುಟ್ಟ ಸೀಸೆ ಮತ್ತು ನೀರು ತುಂಬಿದ ಸಿರಿಂಜ್. ಮನೆಯವರು ಎಡವುವುದು ಇಲ್ಲೇ. ಸಿರಿಂಜ್‌ನಲ್ಲಿ ಇರುವುದು ಬರೀ ನೀರು. ಗಾಬರಿಯಲ್ಲಿ ಅದನ್ನೇ ಚುಚ್ಚಿಬಿಟ್ಟರೆ ಔಷಧ ಸೀಸೆಯಲ್ಲೇ ಉಳಿಯುತ್ತದೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರೋಗಿಗಳ ಮನೆಯ 16 ಮಂದಿಗೆ ಇಂಥ ಕಿಟ್ ಬಳಸುವುದನ್ನು ಹೇಳಿಕೊಟ್ಟು, ಆಮೇಲೆ ಗೊಂಬೆಯ ಮೇಲೆ ಪರೀಕ್ಷಿಸಿದರು. ಪೂರ್ತಿ ಪ್ರಮಾಣ ಕೊಡಲು ಸಾಧ್ಯವಾದದ್ದು ಇಬ್ಬರಿಗೆ ಮಾತ್ರ. ಗ್ಲುಕಗಾನ್ ಎಂದುಕೊಂಡು ಇನ್ಸುಲಿನ್ ಚುಚ್ಚಿದವರೂ ಇದ್ದರು. ಒಮ್ಮೆ ಕೇಳಿಸಿಕೊಂಡರೆ ಸಾಲದು, ಕೈ ಪಳಗಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಹುಡುಗನ ಬಳಿಗೆ ಮರಳೋಣ. ತಾಯಿ ಅವನನ್ನು ಒಂದು ಮಗ್ಗುಲಿಗೆ ಹೊರಳಿಸುತ್ತಾರೆ, ತಂದೆ 108ಕ್ಕೆ ಫೋನ್ ಮಾಡುತ್ತಾರೆ. ಗ್ಲುಕೋಮೀಟರ್ ಹುಡುಕುತ್ತಾ ಕೂರಬೇಕಿಲ್ಲ. ಸಕ್ಕರೆ ಇಳಿದಿರಲಿಲ್ಲ ಎಂದು ಆಮೇಲೆ ಗೊತ್ತಾದರೂ ಒಂದು ಸಲದ ಗ್ಲುಕಗಾನ್‌ನಿಂದ ದೊಡ್ಡ ಅಪಾಯವಿಲ್ಲ. ತಡ ಮಾಡುವುದರಲ್ಲೇ ಅಪಾಯವಿದೆ. ತಾಯಿ ಸೀಸೆಯ ಮುಚ್ಚಳ ತೆಗೆದು, ಸಿರಿಂಜ್‌ನ ಸೂಜಿಯನ್ನು ರಬ್ಬರಿನ ಮೂಲಕ ಇಳಿಸಿ, ನೀರನ್ನೆಲ್ಲ ಸೀಸೆಗೆ ತಳ್ಳುತ್ತಾರೆ. ಸೂಜಿ ತೆಗೆಯದೆ ಸೀಸೆಯನ್ನು ಮೆಲ್ಲಗೆ ಆಡಿಸುತ್ತಾರೆ. ಪುಡಿ ಕರಗಿ ದ್ರವ ತಿಳಿಯಾದ ಮೇಲೆ, ಸೀಸೆಯನ್ನು ತಲೆಕೆಳಗೆ ಹಿಡಿದು ಎಲ್ಲವನ್ನೂ ಸಿರಿಂಜ್‌ಗೆ ಎಳೆದುಕೊಳ್ಳುತ್ತಾರೆ. ಗಾಳಿಯ ಗುಳ್ಳೆ ಹೊರಹಾಕಿ ತೊಡೆಯ ಹೊರಬದಿಗೆ ನೇರವಾಗಿ ಚುಚ್ಚಿ ಪೂರ್ತಿ ಒತ್ತುತ್ತಾರೆ. 25 ಕಿಲೋ ಮತ್ತು ಅದಕ್ಕಿಂತ ಹೆಚ್ಚು ತೂಕದವರಿಗೆ ಇಡೀ 1 ಮಿಲಿಗ್ರಾಂ. ಅದಕ್ಕಿಂತ ಹಗುರ ಮಕ್ಕಳಿಗೆ ಅರ್ಧ. ಮನೆಯ ಮಗುವಿಗೆ ಎಷ್ಟು ಎಂಬುದನ್ನು ವೈದ್ಯರಿಂದ ಕೇಳಿ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿಟ್ಟುಕೊಳ್ಳಬೇಕು.

ಚುಚ್ಚಿದ ಮೇಲೂ ಮಗ್ಗುಲಾಗಿಯೇ ಮಲಗಿಸಿರಬೇಕು, ಏಕೆಂದರೆ ಗ್ಲುಕಗಾನ್‌ನಿಂದ ವಾಂತಿ ಬರುವುದು ಸಾಮಾನ್ಯ. ಸಾಧಾರಣವಾಗಿ 10-15 ನಿಮಿಷದಲ್ಲಿ ಎಚ್ಚರವಾಗುತ್ತದೆ. ಹುಡುಗ ಕಣ್ಣು ಬಿಟ್ಟು, ಮಾತಾಡಿ, ನುಂಗಬಲ್ಲನೆಂದು ಖಾತ್ರಿಯಾದ ಮೇಲೆ ಅಜ್ಜಿಯ ಸಕ್ಕರೆ ನೀರಿಗೆ ಸರದಿ. ಅದರ ಹಿಂದೆಯೇ ಬಿಸ್ಕತ್ತೋ ಅನ್ನವೋ ಹೊಟ್ಟೆಗೆ ಬೀಳಬೇಕು, ಇಲ್ಲವಾದರೆ ಸಕ್ಕರೆ ಮತ್ತೆ ಇಳಿದೀತು.

15 ನಿಮಿಷವಾದರೂ ಎಚ್ಚರವಾಗದಿದ್ದರೆ ನರದ ಮೂಲಕ ಗ್ಲುಕೋಸ್ ಕೊಡಲೇಬೇಕು. ದಿನಗಟ್ಟಲೆ ಊಟ ಬಿಟ್ಟವರಲ್ಲಿ, ತುಂಬಾ ಮದ್ಯ ಕುಡಿದವರಲ್ಲಿ ಲಿವರ್‌ನ ದಾಸ್ತಾನೇ ಖಾಲಿಯಾಗಿರುತ್ತದೆ. ಗ್ಲುಕಗಾನ್ ಅಲ್ಲಿ ಹೆಚ್ಚು ಕೆಲಸ ಮಾಡದು. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆಗಳಿಂದ ಸಕ್ಕರೆ ಇಳಿದಿದ್ದರೆ, ಎಚ್ಚರವಾದ ಮೇಲೂ ಗಂಟೆಗಳ ನಂತರ ಮತ್ತೆ ಕುಸಿಯಬಹುದು. ಅಂಥವರನ್ನು ಆಸ್ಪತ್ರೆಗೆ ಕರೆದೊಯ್ಯದೆ ಬಿಡಬಾರದು.

ಈ ಕಿಟ್ ಎಲ್ಲ ಮೆಡಿಕಲ್ ಅಂಗಡಿಯಲ್ಲೂ ಇರುವುದಿಲ್ಲ. ವೈದ್ಯರ ಚೀಟಿ ಕೊಟ್ಟು ಮೊದಲೇ ತರಿಸಿಡಿ. ಇನ್ಸುಲಿನ್ ಇಡುವ ಜಾಗದಲ್ಲಿ ಮಾತ್ರ ಇಡಬೇಡಿ, ಅವಸರದಲ್ಲಿ ಒಂದರ ಬದಲು ಇನ್ನೊಂದು ಕೈಗೆ ಬಂದೀತು. ಅವಧಿ ಮುಗಿದ ಕಿಟ್ ಇದ್ದರೆ ಎಸೆಯುವ ಮುನ್ನ ಅಜ್ಜಿಯನ್ನೂ ಸೇರಿಸಿ ಮನೆಯವರನ್ನೆಲ್ಲ ಕೂರಿಸಿಕೊಳ್ಳಿ. ಅದರ ಪುಡಿಯನ್ನು ಕರಗಿಸಿ ಒಂದು ಕಿತ್ತಳೆ ಹಣ್ಣಿಗೆ ಚುಚ್ಚಿ ಅಭ್ಯಾಸ ಮಾಡಿಸಿ.