ಬಿಸ್ಕತ್ತಿನ ಡಬ್ಬಿಯೊಳಗಿನ ಹಲ್ಲಿನ ಚಕ್ರ

ಅಟ್ಟ ಸ್ವಚ್ಛ ಮಾಡುವಾಗ ಹಳೆಯ ಬಿಸ್ಕತ್ತಿನ ಡಬ್ಬಿಯೊಂದು ಸಿಗುತ್ತದೆ. ಮುಚ್ಚಳ ತೆಗೆದರೆ ಅದರೊಳಗೆ ಅಜ್ಜಿಯ ಹೊಲಿಗೆ ಸಾಮಾನು. ಯಾರೋ ಅದನ್ನೆಲ್ಲ ಹಾಸಿಗೆಯ ಮೇಲೆ ಸುರಿದು, ಫೋಟೊ ತೆಗೆದು, ಕುಟುಂಬದ ವಾಟ್ಸಾಪ್ ಗುಂಪಿಗೆ ಕಳಿಸುತ್ತಾರೆ: ‘ಈ ಚಕ್ರ ಏನು, ಗೊತ್ತಾ?’ ‘ಕರ್ಜಿಕಾಯಿ ಕತ್ತರಿಸೋದು’ ಎನ್ನುತ್ತಾರೆ ದೊಡ್ಡಮ್ಮ. ‘ಅಲ್ಲ, ಬಟ್ಟೆಯ ಮೇಲೆ ಗುರುತು ಹಾಕೋದು’ ಎನ್ನುತ್ತಾರೆ ಚಿಕ್ಕಮ್ಮ. ಫೋಟೊದಲ್ಲಿ ಕಾಣುವುದು ಹಿಡಿ ಮತ್ತು ಅದರ ತುದಿಗೊಂದು ಚಕ್ರ, ಅಷ್ಟೇ. ಹೀಗಾಗಿ ಇಬ್ಬರ ಮಾತನ್ನೂ ತಳ್ಳಿಹಾಕುವಂತಿಲ್ಲ.

ಇಂಥ ಜಗಳ ಬಗೆಹರಿಯಬೇಕಾದರೆ ಚಕ್ರವನ್ನು ಅಂಚಿನ ಕಡೆಯಿಂದ ನೋಡಬೇಕು. ಕರ್ಜಿಕಾಯಿ ಚಕ್ರದ ಅಂಚು ಎಡಕ್ಕೂ ಬಲಕ್ಕೂ ಬಳುಕುತ್ತ ಅಲೆಯಂತೆ ಹೋಗುತ್ತದೆ, ನಡುವೆ ಎಲ್ಲೂ ತುಂಡಾಗುವುದಿಲ್ಲ. ಹೊಲಿಗೆಯ ಟ್ರೇಸಿಂಗ್ ವ್ಹೀಲ್‌ನ ತಟ್ಟೆ ಚಪ್ಪಟೆ. ಅದರ ಸುತ್ತ ಬಿಡಿಬಿಡಿಯಾದ ಹಲ್ಲುಗಳು ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಕಾಗದದ ಮೇಲೆ ಉರುಳಿಸಿದರೆ ಮೊದಲನೆಯದು ವಂಕಿ ಗೆರೆ ಬಿಡುತ್ತದೆ, ಎರಡನೆಯದು ಚುಕ್ಕಿಗಳ ಸಾಲು. ಬಟ್ಟೆಯ ಮೇಲೆ ಕಾರ್ಬನ್ ಕಾಗದವಿಟ್ಟು, ಅದರ ಮೇಲೆ ಕತ್ತರಿಸುವ ನಕ್ಷೆಯನ್ನಿಟ್ಟು ಚಕ್ರ ಓಡಿಸಿದರೆ ಅದೇ ಚುಕ್ಕಿಗಳು ಬಟ್ಟೆಗೆ ಇಳಿಯುತ್ತವೆ. ಹಿಡಿ ಪೂರ್ತಿ ಲೋಹದ್ದಾಗಿ, ಹಲ್ಲುಗಳು ದೂರದೂರಕ್ಕೆ ಸೂಜಿಮೊನೆಯಂತಿದ್ದರೆ ಇನ್ನೊಂದು ಸಾಧ್ಯತೆಯಿದೆ: ಚರ್ಮದ ಸ್ಪರ್ಶಜ್ಞಾನ ಪರೀಕ್ಷಿಸಲು ನರರೋಗದ ವೈದ್ಯರು ಬಳಸುವ ಚಕ್ರವೂ ಹಾಗೇ ಇರುತ್ತದೆ.

ಚಕ್ರವನ್ನು ಅಂಚು ನೋಡಿ ಗುರುತಿಸಬಹುದು, ಬಾಬಿನ್‌ಗೆ ಅಷ್ಟು ಸಾಲದು. ಹೊಲಿಗೆ ಮಿಷನ್‌ನ ಕೆಳಗಿನ ದಾರ ಸುತ್ತುವ ಈ ಪುಟ್ಟ ಉರುಳೆ ಯಾರಿಗಾದರೂ ಗೊತ್ತಾಗುತ್ತದೆ. ಅದು ಯಾವ ಮಿಷನ್‌ಗೆ ಕೂರುತ್ತದೆ ಎಂಬುದೇ ಕಷ್ಟದ ಪ್ರಶ್ನೆ. ಉದ್ದಕ್ಕೆ ಸಣಕಲಾಗಿ, ಎರಡು ತುದಿಗೂ ಪುಟ್ಟ ಬಿಲ್ಲೆಯಿದ್ದರೆ ಅದು ದೋಣಿಯಾಕಾರದ ಶಟಲ್ ಓಡುವ ಹಳೇ ಕಾಲದ ಮಿಷನ್‌ದು. ದುಂಡನೆಯವುಗಳಲ್ಲಿ ‘ಕ್ಲಾಸ್ 15’ ಮತ್ತು ‘ಎಲ್’ ಎಂಬ ಎರಡು ಬಗೆಗಳ ಅಗಲ ಹೆಚ್ಚುಕಡಿಮೆ ಒಂದೇ, ಸುಮಾರು 20 ಮಿಲಿಮೀಟರ್. ವ್ಯತ್ಯಾಸವಿರುವುದು ಎತ್ತರದಲ್ಲಿ: ಮೊದಲನೆಯದು ಸುಮಾರು 11.5 ಮಿ.ಮೀ., ಎರಡನೆಯದು ಸುಮಾರು 9. ಮೇಲಿನಿಂದ ತೆಗೆದ ಫೋಟೊದಲ್ಲಿ ಇವೆರಡೂ ಅವಳಿ ಮಕ್ಕಳು.

ಹಾಗಾಗಿ ಬಾಬಿನ್ ಅನ್ನು ಅಡ್ಡ ಮಲಗಿಸಿ, ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯ ಇಟ್ಟು ಫೋಟೊ ತೆಗೆಯುವುದು ಒಳ್ಳೆಯದು. ಆ ನಾಣ್ಯದ ಅಗಲ 27 ಮಿ.ಮೀ. ಫೋಟೊ ನೋಡುವವರು ಫೋನಿನ ಪರದೆಯ ಮೇಲೆ ಸ್ಕೇಲ್ ಇಟ್ಟರೆ ನಾಣ್ಯ 54 ಮಿ.ಮೀ. ಬಂತು ಎಂದುಕೊಳ್ಳಿ. ಅಂದರೆ ಚಿತ್ರ ಅಸಲಿನ ಎರಡರಷ್ಟಿದೆ. ಬಾಬಿನ್‌ನ ಅಗಲ 41, ಎತ್ತರ 23 ಕಂಡರೆ ನಿಜವಾದ ಅಳತೆ 20.5 ಮತ್ತು 11.5. ಅದು ಕ್ಲಾಸ್ 15. ಎತ್ತರ 18 ಬಂದಿದ್ದರೆ ‘ಎಲ್’ ಆಗುತ್ತಿತ್ತು. ಫೋನನ್ನು ತೀರ ಹತ್ತಿರ ಹಿಡಿದರೆ ಮಾತ್ರ ಈ ಲೆಕ್ಕ ತಪ್ಪುತ್ತದೆ. ಮಲಗಿದ ಬಾಬಿನ್‌ನ ಮೈ ನಾಣ್ಯಕ್ಕಿಂತ ಮೇಲೆದ್ದು ಕ್ಯಾಮೆರಾಕ್ಕೆ ಸಮೀಪವಾಗುವುದರಿಂದ ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಎರಡು ಅಡಿ ಮೇಲಿನಿಂದ ತೆಗೆದು ಆಮೇಲೆ ಹಿಗ್ಗಿಸಿಕೊಂಡರೆ ವ್ಯತ್ಯಾಸ ತೀರ ಕಡಿಮೆ. ಇಷ್ಟೆಲ್ಲ ಗೋಜು ಯಾಕೆಂದರೆ, ಅಳತೆ ತಪ್ಪಿದ ಬಾಬಿನ್ ಹಾಕಿದರೆ ಬಟ್ಟೆಯ ಅಡಿಯಲ್ಲಿ ದಾರ ಗಂಟುಗಂಟಾಗಿ ಮಿಷನ್ ಕಚ್ಚಿಕೊಳ್ಳಬಹುದು.

ತೂತುಬಿದ್ದ ಲೋಹದ ಉಂಗುರವನ್ನು ನಲ್ಲಿಯ ಬಿಡಿಭಾಗವೆಂದು ಎಸೆಯುವವರಿದ್ದಾರೆ. ಎಸೆಯುವ ಮುನ್ನ ಹೊರಮೈ ನೋಡಿ. ಒತ್ತೊತ್ತಾಗಿ ಸಣ್ಣ ಗುಳಿಗಳಿದ್ದರೆ ಅದು ಥಿಂಬಲ್. ತಲೆ ಮುಚ್ಚಿದ ಟೋಪಿಯಂಥದ್ದು ಬೆರಳ ತುದಿಯಿಂದ ಸೂಜಿ ತಳ್ಳುವವರಿಗೆ, ಎರಡೂ ಕಡೆ ತೆರೆದದ್ದು ಬೆರಳ ಪಕ್ಕದಿಂದ ತಳ್ಳುವ ದರ್ಜಿಗಳಿಗೆ. ಸೂಜಿಯ ಹಿಂಬದಿ ಜಾರದೆ ನಿಲ್ಲಲೆಂದೇ ಆ ಗುಳಿಗಳು.

ಹೊಲಿಗೆ ಬಿಚ್ಚುವ ಸೀಮ್ ರಿಪ್ಪರ್ ಬಗ್ಗೆ ಗೊಂದಲ ಕಡಿಮೆ. ಕವಲೊಡೆದ ತುದಿಯ ಒಂದು ಕೊಂಬು ಉದ್ದ ಮತ್ತು ಚೂಪು; ಗಿಡ್ಡ ಕೊಂಬಿನ ಮೇಲೆ ಸಾಮಾನ್ಯವಾಗಿ ಒಂದು ಕೆಂಪು ಮಣಿ. ಬ್ಲೇಡಿರುವುದು ಕೊಂಬುಗಳ ನಡುವಿನ ತಗ್ಗಿನಲ್ಲಿ. ಹೊಲಿಗೆಯ ಉದ್ದಕ್ಕೂ ತಳ್ಳಿಕೊಂಡು ಹೋಗುವಾಗ ಬಟ್ಟೆ ಹರಿಯದಂತೆ ಕಾಯುವುದು ಆ ಮಣಿ. ಕಾಜಾ ಸೀಳುವುದಕ್ಕೂ ಇದೇ ಸಾಧನ.

ಕೊನೆಗೆ ಉಳಿಯುವುದು ಸವೆದ ಸೋಪಿನ ಚೂರಿನಂಥ ಬಿಲ್ಲೆ. ಅದು ಟೇಲರ್ ಚಾಕ್ ಇರಬಹುದು, ನಿಜವಾಗಿಯೂ ಸೋಪಿನ ಚೂರೇ ಇರಬಹುದು. ಗುರುತು ಹಾಕಲು ಎರಡನ್ನೂ ಬಳಸುವ ರೂಢಿಯಿದೆ. ಚಾಕ್‌ನಲ್ಲೂ ಜೇಡಿಯದು, ಮೇಣದ್ದು ಎಂದು ಎರಡು ಬಗೆ. ಮೇಣದ್ದಕ್ಕೆ ಕೊಂಚ ಹೊಳಪಿದ್ದರೂ ಫೋಟೊದ ಬೆಳಕಿನಲ್ಲಿ ಅದನ್ನು ನಂಬುವಂತಿಲ್ಲ. ಬೇಡದ ಬಟ್ಟೆಯ ತುಂಡಿನ ಮೇಲೆ ಗೆರೆ ಎಳೆದು ನೋಡಿ. ಜೇಡಿಯ ಗೆರೆ ಬ್ರಷ್‌ನಿಂದ ಕೊಡವಿದರೆ ಬಹುಪಾಲು ಹೋಗುತ್ತದೆ. ಮೇಣದ ಗೆರೆ ಇಸ್ತ್ರಿಯ ಬಿಸಿಗೆ ಕರಗಿ ಮಾಯವಾಗುತ್ತದೆ, ಆದರೆ ರೇಷ್ಮೆಯಂಥ ಬಟ್ಟೆಯಲ್ಲಿ ಎಣ್ಣೆಯ ಕಲೆ ಉಳಿಸಬಹುದು.