ಎಲ್ಲ ಫೋಲ್ಡರ್‌ಗೂ ಒಂದೇ ಲಾಗಿನ್

ಕಚೇರಿಯ ಕಡತಗಳನ್ನೆಲ್ಲ ಇಡುವ ನೆಟ್‌ವರ್ಕ್ ಸಂಗ್ರಹ ಪೆಟ್ಟಿಗೆಯೇ ನ್ಯಾಸ್. ಅದರಲ್ಲಿ ಪ್ರತಿಯೊಬ್ಬರಿಗೂ ಬೇರೆ ಖಾತೆ ತೆರೆದರೆ, ಕೆಲಸ ಬಿಟ್ಟವರ ಪಾಸ್‌ವರ್ಡ್ ಅಲ್ಲೇ ಉಳಿದುಬಿಡುತ್ತದೆ. ನ್ಯಾಸನ್ನು ಮೈಕ್ರೋಸಾಫ್ಟಿನ ಆಕ್ಟಿವ್ ಡೈರೆಕ್ಟರಿಗೆ ಸೇರಿಸಿದರೆ, ಸಿಬ್ಬಂದಿ ಕಂಪ್ಯೂಟರಿಗೆ ಬಳಸುವ ಲಾಗಿನ್ನೇ ಇಲ್ಲಿಗೂ ಸಾಕು.

ಸೇರಿಸುವಾಗ ಎಡವುವುದು ಹೆಚ್ಚಾಗಿ ಎರಡು ಕಡೆ. ನ್ಯಾಸ್‌ನ ಡಿಎನ್‌ಎಸ್ ವಿಳಾಸ ಇಂಟರ್ನೆಟ್ ರೌಟರಿನದಾಗಿದ್ದರೆ ಡೊಮೇನ್ ಸಿಗುವುದೇ ಇಲ್ಲ. ಅಲ್ಲಿ ಡೊಮೇನ್ ಕಂಟ್ರೋಲರಿನ ಐಪಿ ವಿಳಾಸ ಕೊಡಬೇಕು. ಇನ್ನೊಂದು ಗಡಿಯಾರ. ಎರಡೂ ಯಂತ್ರಗಳ ಸಮಯ 5 ನಿಮಿಷಕ್ಕಿಂತ ಹೆಚ್ಚು ಬೇರೆಯಾದರೆ, ಗುರುತು ಪರೀಕ್ಷಿಸುವ ಕೆರ್ಬರಸ್ ವ್ಯವಸ್ಥೆ ಪಾಸ್‌ವರ್ಡ್ ಸರಿಯಿದ್ದರೂ ಒಪ್ಪುವುದಿಲ್ಲ. ನ್ಯಾಸ್ ಕೂಡ ಕಂಟ್ರೋಲರಿನಿಂದಲೇ ಸಮಯ ಪಡೆಯಲಿ.

ಆಮೇಲೆ ಅನುಮತಿ ಕೊಡುವುದು ವ್ಯಕ್ತಿಗಲ್ಲ, ಗುಂಪಿಗೆ. ‘ಲೆಕ್ಕಪತ್ರ’ ಫೋಲ್ಡರನ್ನು ಲೆಕ್ಕ ವಿಭಾಗದ ಗುಂಪಿಗೆ ತೆರೆದಿಟ್ಟರೆ, ಹೊಸಬರನ್ನು ಡೈರೆಕ್ಟರಿಯಲ್ಲಿ ಆ ಗುಂಪಿಗೆ ಸೇರಿಸಿದರಾಯಿತು. ಆಗಲೂ ಫೋಲ್ಡರ್ ತೆರೆಯದಿದ್ದರೆ ಗಾಬರಿ ಬೇಡ. ಅವರು ಒಮ್ಮೆ ಲಾಗ್ ಔಟ್ ಮಾಡಿ ಮತ್ತೆ ಒಳಬಂದರೆ ಹೊಸ ಗುಂಪಿನ ಹಕ್ಕು ಸಿಗುತ್ತದೆ.

ಇರುವ ಒಂದೇ ಕಂಟ್ರೋಲರ್ ಕೆಟ್ಟರೆ ಹೊಸದಾಗಿ ಲಾಗಿನ್ ಆಗುವವರಿಗೆ ಫೋಲ್ಡರ್ ಸಿಗದೆ ಹೋಗಬಹುದು. ಹಾಗಾಗಿ ನ್ಯಾಸ್‌ನಲ್ಲೇ ಒಂದು ಸ್ಥಳೀಯ ನಿರ್ವಾಹಕ ಖಾತೆಯನ್ನು ತಪ್ಪದೆ ಉಳಿಸಿಕೊಳ್ಳಿ.